ಠೇವಣಿ ಕೇಳುವ ಕೆಲಸ, ಪರೀಕ್ಷೆ ಕೊಡುವ ಕೆಲಸ

ಪ್ರಶ್ನೆ: ಸರ್, ನಮ್ಮೂರು ಜಮಖಂಡಿ. ಇಂಗ್ಲಿಷ್ ಎಂ.ಎ. ಮುಗಿಸಿದ್ದೇನೆ. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಾಲ್ಕನ್ನೂ ಓದಿ ಬರೆಯಬಲ್ಲೆ. ಹಗಲು ಎರಡು ವರ್ಷದ ಮಗನನ್ನು ನೋಡಿಕೊಳ್ಳಬೇಕು. ಹಾಗಾಗಿ ರಾತ್ರಿ ಮನೆಯಿಂದಲೇ ಗ್ರಾಹಕರಿಗೆ ಚಾಟ್‌ನಲ್ಲಿ ಉತ್ತರಿಸುವ ಕೆಲಸ ಹುಡುಕುತ್ತಿದ್ದೇನೆ. ಟೆಲಿಗ್ರಾಂನಲ್ಲಿ ಒಬ್ಬರು ರಾತ್ರಿ ನಾಲ್ಕು ತಾಸಿಗೆ ತಿಂಗಳಿಗೆ 35,000 ರೂಪಾಯಿ ಎಂದಿದ್ದಾರೆ. ಲ್ಯಾಪ್‌ಟಾಪ್ ಕಳಿಸಲು 4,850 ರೂಪಾಯಿ ಠೇವಣಿ ಕಟ್ಟಬೇಕಂತೆ. ಕಟ್ಟಬಹುದೇ? ನಿಜವಾದ ಕಂಪನಿಗಳು ಹೇಗೆ ಆರಿಸಿಕೊಳ್ಳುತ್ತವೆ?

ಉತ್ತರ: ಕಟ್ಟಬೇಡಿ. ಠೇವಣಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ. ಆ ವ್ಯಕ್ತಿ ನಿಮ್ಮಿಂದ ಒಂದು ಸಾಲನ್ನಾದರೂ ಬರೆಸಿ ನೋಡಿದ ಉಲ್ಲೇಖವೇ ಅಲ್ಲಿಲ್ಲ. ಬರೆಯುವುದೇ ಕೆಲಸವಾಗಿರುವಲ್ಲಿ ಬರವಣಿಗೆ ನೋಡದೆ ಸಂಬಳ ಗೊತ್ತು ಮಾಡುವವರಿಲ್ಲ. ಜೋಳ ಕೊಳ್ಳಲು ಬಂದ ವ್ಯಾಪಾರಿ ಚೀಲದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡದೆ ಬೆಲೆ ಹೇಳಿದನೆಂದರೆ ಅವನಿಗೆ ಜೋಳ ಬೇಕಾಗಿಲ್ಲ, ಬೇರೇನೋ ಬೇಕಾಗಿದೆ.

ನಾನು ಹದಿನಾಲ್ಕು ವರ್ಷ ಪುಣೆ ಮತ್ತು ಬೆಂಗಳೂರಿನ ಗ್ರಾಹಕ ಸೇವಾ ಕಂಪನಿಗಳಲ್ಲಿದ್ದೆ. ಮೊದಲು ಕರೆ ಸ್ವೀಕರಿಸುತ್ತಿದ್ದೆ, ಆಮೇಲೆ ತರಬೇತಿ ಕೊಡುತ್ತಿದ್ದೆ, ಕೊನೆಯ ಆರು ವರ್ಷ ಹೊಸಬರನ್ನು ಆರಿಸುವ ಕಡೆ ಕುಳಿತಿದ್ದೆ. ಆ ಕಡೆ ಕುಳಿತವನಿಗೆ ಒಂದು ಭಯ ಸದಾ ಇರುತ್ತದೆ. ಹೊಸಬರು ಸೇರಿದ ಮೊದಲ ಆರು ವಾರ ಕಂಪನಿಗೆ ಅವರಿಂದ ಗಳಿಕೆಯಿಲ್ಲ. ತರಬೇತಿ ನಡೆಯುತ್ತಿರುತ್ತದೆ, ಸಂಬಳ ಮಾತ್ರ ಓಡುತ್ತಿರುತ್ತದೆ. ತಪ್ಪು ಮನುಷ್ಯರನ್ನು ತೆಗೆದುಕೊಂಡರೆ ಅಷ್ಟೂ ಹಣ ನೀರಿಗೆ ಹಾಕಿದಂತೆ. ಅದಕ್ಕಾಗಿಯೇ ಪರೀಕ್ಷೆ, ಸಂದರ್ಶನ, ದಾಖಲೆ ಪರಿಶೀಲನೆ ಎಲ್ಲವೂ ಕಂಪನಿಯ ಖರ್ಚಿನಲ್ಲಿ ನಡೆಯುತ್ತವೆ. ನಡುವೆ ಕನ್ಸಲ್ಟೆನ್ಸಿಯವರಿದ್ದರೆ ಅವರಿಗೂ ಹಣ ಕೊಡುವುದು ಕಂಪನಿಯೇ. ಸಾಮಾನ್ಯವಾಗಿ ಅಭ್ಯರ್ಥಿ ಸೇರಿ ಎರಡು ಮೂರು ತಿಂಗಳು ನಿಂತ ಮೇಲಷ್ಟೇ ಅವರ ಬಿಲ್ ಪಾಸಾಗುತ್ತದೆ. ಅದಕ್ಕೇ ನಿಜವಾದ ಕನ್ಸಲ್ಟೆನ್ಸಿಯ ಹುಡುಗರು ನೀವು ಸೇರಿದ ಮೇಲೂ ಫೋನ್ ಮಾಡಿ ‘ಮೇಡಂ, ಕೆಲಸ ಬಿಟ್ಟಿಲ್ಲ ತಾನೇ’ ಎಂದು ವಿಚಾರಿಸುತ್ತಿರುತ್ತಾರೆ. ಈ ಸರಪಳಿಯಲ್ಲಿ ನಿಮ್ಮ ಕಡೆಯಿಂದ ಹಣ ಹೋಗುವ ಕೊಂಡಿ ಎಲ್ಲಿಯೂ ಇಲ್ಲ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಪೊಲೀಸ್ ಪರಿಶೀಲನೆ, ಮೊದಲ ಸಂಬಳದಲ್ಲಿ ಮರಳಿಸುವ ಮುಂಗಡ, ಹೆಸರು ಯಾವುದಾದರೂ ಇರಲಿ.

ಇನ್ನು ‘ರಾತ್ರಿ’ ಎಂಬ ಮಾತಿಗೆ ಬರೋಣ, ಏಕೆಂದರೆ ನಿಮ್ಮ ಯೋಜನೆ ನಿಂತಿರುವುದು ಅದರ ಮೇಲೆ. ನಿಮ್ಮ ಕನ್ನಡ ಮತ್ತು ಮರಾಠಿಗೆ ಬೇಡಿಕೆ ಇದೆ. ಗಡಿ ಭಾಗದವರು ಎರಡನ್ನೂ ಸಲೀಸಾಗಿ ಬರೆಯುತ್ತಾರೆಂಬುದು ಆರಿಸುವವರಿಗೆ ಗೊತ್ತು, ಒಬ್ಬರ ಸಂಬಳದಲ್ಲಿ ಎರಡು ಭಾಷೆಯ ಸಾಲನ್ನು ತುಂಬಬಹುದೆಂಬ ಲೆಕ್ಕವೂ ಗೊತ್ತು. ಆದರೆ ಕನ್ನಡ, ಮರಾಠಿಯ ಗ್ರಾಹಕರು ಹೆಚ್ಚಾಗಿ ಬರೆಯುವುದು ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತು ಹನ್ನೊಂದರವರೆಗೆ. ಅದಾದ ಮೇಲೆ ಉಳಿಯುವುದು ಕಳೆದುಹೋದ ಬ್ಯಾಂಕ್ ಕಾರ್ಡು, ಹೆದ್ದಾರಿಯಲ್ಲಿ ಕೆಟ್ಟು ನಿಂತ ಕಾರು, ತಡರಾತ್ರಿಯ ಊಟದ ಡೆಲಿವರಿ, ಬೆಳಗಿನ ಜಾವದ ವಿಮಾನದ ಟಿಕೆಟ್ ಇಂಥವು. ಅವಕ್ಕೆ ಬೇಕಾಗುವವರು ಕಡಿಮೆ.

ಇಡೀ ರಾತ್ರಿಯ ಕೆಲಸ ಹೇರಳವಾಗಿರುವುದು ಇಂಗ್ಲಿಷಿನಲ್ಲಿ, ಅಮೆರಿಕದ ಗ್ರಾಹಕರಿಗೆ. ಅಲ್ಲಿಯ ಪೂರ್ವ ಕರಾವಳಿಯಲ್ಲಿ ಬೆಳಿಗ್ಗೆ ಒಂಬತ್ತಾದಾಗ ಚಳಿಗಾಲದಲ್ಲಿ ನಮ್ಮಲ್ಲಿ ಸಂಜೆ ಏಳೂವರೆ. ಮಾರ್ಚ್‌ನ ಎರಡನೆಯ ಭಾನುವಾರ ಅವರು ಗಡಿಯಾರವನ್ನು ಒಂದು ತಾಸು ಮುಂದಿಡುತ್ತಾರೆ. ಆಗ ನಿಮ್ಮ ಪಾಳಿ ಆರೂವರೆಗೇ ಶುರುವಾಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಮತ್ತೆ ಏಳೂವರೆಗೆ ಹೋಗುತ್ತದೆ. ಪಶ್ಚಿಮ ಕರಾವಳಿಯ ಗ್ರಾಹಕರಾದರೆ ಇದಕ್ಕೆಲ್ಲ ಮೂರು ತಾಸು ಸೇರಿಸಿಕೊಳ್ಳಿ. ಇಂಗ್ಲೆಂಡಿನದಾದರೆ ಚಳಿಗಾಲದಲ್ಲಿ ಮಧ್ಯಾಹ್ನ ಎರಡೂವರೆಯಿಂದ ರಾತ್ರಿ ಹನ್ನೊಂದೂವರೆ, ಚಳಿಗಾಲ ಮುಗಿದ ಮೇಲೆ ಅದೂ ಒಂದು ತಾಸು ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ‘ನೈಟ್ ಶಿಫ್ಟ್’ ಎಂದು ಯಾರಾದರೂ ಹೇಳಿದರೆ, ಯಾವ ದೇಶದ, ಯಾವ ಭಾಗದ ಗ್ರಾಹಕರು ಎಂದು ಕೇಳಿ. ನಿಜವಾಗಿ ಕೆಲಸವಿದ್ದವರು ತಟ್ಟನೆ ಉತ್ತರಿಸುತ್ತಾರೆ, ಕೆಲಸವೇ ಇಲ್ಲದವರು ತಡವರಿಸುತ್ತಾರೆ.

ಪಾಳಿ ಒಂಬತ್ತು ತಾಸಿನದು, ಅದರಲ್ಲಿ ಒಂದು ತಾಸು ಬಿಡುವು. ನಾಲ್ಕು ತಾಸಿನ ಕೆಲಸ ಇಲ್ಲವೇ ಇಲ್ಲ ಎನ್ನಲಾರೆ. ಸಂಜೆಯ ದಟ್ಟಣೆಗೆಂದು ಕೆಲವರು ಅರ್ಧ ಪಾಳಿಗೆ ಜನ ತೆಗೆದುಕೊಳ್ಳುತ್ತಾರೆ, ಸಂಬಳವೂ ಅರ್ಧ. ತಂಗಿ, ಒಂದು ಮಾತು ನೇರವಾಗಿ ಹೇಳುತ್ತೇನೆ. ಬೆಳಗಿನ ನಾಲ್ಕೂವರೆಗೆ ಪಾಳಿ ಮುಗಿಸಿ ಆರಕ್ಕೆ ಎದ್ದ ಮಗುವನ್ನು ಸಂಜೆಯವರೆಗೆ ಒಬ್ಬರೇ ನೋಡಿಕೊಂಡವರು ನನ್ನ ಬ್ಯಾಚುಗಳಲ್ಲಿ ಮೂರು ತಿಂಗಳ ಮೇಲೆ ನಿಂತದ್ದಿಲ್ಲ. ಬೆಳಿಗ್ಗೆ ಐದರಿಂದ ಹತ್ತರವರೆಗೆ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಅತ್ತೆಯೋ ಅಮ್ಮನೋ ಒಪ್ಪಿದರೆ ಮಾತ್ರ ಅಮೆರಿಕದ ಪಾಳಿ ಹಿಡಿಯಿರಿ. ಇಲ್ಲದಿದ್ದರೆ ಸಂಜೆ ಹೊತ್ತಿನ ಕನ್ನಡ ಮತ್ತು ಮರಾಠಿ ಚಾಟ್ ಹುಡುಕಿ.

‘ಮನೆಯಿಂದ’ ಎಂಬುದಕ್ಕೂ ಮಿತಿಯಿದೆ. ದೂರಸಂಪರ್ಕ ಇಲಾಖೆ 2020ರ ನವೆಂಬರ್‌ನಲ್ಲಿ, ಮತ್ತೆ 2021ರ ಜೂನ್‌ನಲ್ಲಿ ಕಾಲ್ ಸೆಂಟರ್‌ಗಳ ನಿಯಮ ಸಡಿಲಿಸಿದ ಮೇಲೆ ಸಿಬ್ಬಂದಿಯನ್ನು ಮನೆಯಿಂದ ಕೆಲಸ ಮಾಡಿಸಲು ಕಾನೂನಿನ ತೊಡಕು ಉಳಿದಿಲ್ಲ. ಉಳಿದಿರುವುದು ಗ್ರಾಹಕರ ಮಾಹಿತಿಯ ಭಯ. ಕಾರ್ಡ್ ಸಂಖ್ಯೆ, ಖಾತೆಯ ವಿವರ ಕಣ್ಣಿಗೆ ಬೀಳುವ ಬ್ಯಾಂಕಿನ ಕೆಲಸವನ್ನು ಹೆಚ್ಚಿನವರು ಕಚೇರಿಯ ಒಳಗೇ ಇಟ್ಟುಕೊಳ್ಳುತ್ತಾರೆ. ಮನೆಗೆ ಬಿಡುವುದು ಹೆಚ್ಚಾಗಿ ಆನ್‌ಲೈನ್ ಅಂಗಡಿ, ಡೆಲಿವರಿ, ಪ್ರವಾಸ, ಶಿಕ್ಷಣದ ಆ್ಯಪ್‌ಗಳ ಚಾಟ್. ಅದರಲ್ಲೂ ಮೊದಲ ಎರಡು ಮೂರು ವಾರ ಬೆಂಗಳೂರು ಅಥವಾ ಪುಣೆಗೆ ಬಂದು ತರಬೇತಿ ಪಡೆಯಿರಿ ಎನ್ನುವವರಿದ್ದಾರೆ. ಜಾಹೀರಾತಿನಲ್ಲಿ ಇದನ್ನು ಸಣ್ಣ ಅಕ್ಷರದಲ್ಲೂ ಬರೆದಿರುವುದಿಲ್ಲ, ಮೊದಲ ಫೋನಿನಲ್ಲೇ ಕೇಳಿಬಿಡಿ.

ಈಗ ಆಯ್ಕೆ ಹೇಗೆ ನಡೆಯುತ್ತದೆಂದು ನೋಡೋಣ. ಕಳೆದ ವರ್ಷ ವಿಜಯಪುರದ ಒಬ್ಬ ಹುಡುಗಿ ನನ್ನ ಬಳಿ ಸಲಹೆಗೆ ಬಂದಿದ್ದಳು. ಬಿ.ಕಾಂ. ಓದಿದ್ದಳು, ಭಾಷೆಗಳು ನಿಮ್ಮವೇ. ಅವಳಿಗೆ ಒಂದೇ ವಾರದಲ್ಲಿ ಎರಡು ಕಡೆಯಿಂದ ಕರೆ ಬಂದಿತ್ತು. ಒಂದು ಕಡೆಯವರು ಅದೇ ಸಂಜೆ ಬಣ್ಣದ ಲೋಗೋ ಇದ್ದ ನೇಮಕಾತಿ ಪತ್ರ ಕಳಿಸಿ ಹಣ ಕೇಳಿದರು. ಇನ್ನೊಂದು ಕಡೆಯವರು ಇಪ್ಪತ್ಮೂರು ದಿನ ಸತಾಯಿಸಿದರು. ಮನೆಯವರಿಗೆಲ್ಲ ಮೊದಲನೆಯದೇ ಒಳ್ಳೆಯ ಕಂಪನಿಯಂತೆ ಕಂಡಿತ್ತು. ಆ ಇಪ್ಪತ್ಮೂರು ದಿನದಲ್ಲಿ ಏನಾಯಿತೆಂದು ಹೇಳುತ್ತೇನೆ.

ಅವಳು ಅರ್ಜಿ ಹಾಕಿದ್ದು ಕಂಪನಿಯ ಸ್ವಂತ ಜಾಲತಾಣದ ಉದ್ಯೋಗ ಪುಟದಲ್ಲಿ. ಮೂರನೆಯ ದಿನ ನೇಮಕಾತಿ ವಿಭಾಗದಿಂದ ಹತ್ತು ನಿಮಿಷದ ಕರೆ ಬಂತು: ಓದು, ಊರು, ಪಾಳಿಗೆ ಒಪ್ಪಿಗೆ, ಮನೆಯ ಇಂಟರ್ನೆಟ್. ಅರ್ಧ ಮಾತು ಇಂಗ್ಲಿಷಿನಲ್ಲಿ, ನಡುವೆ ಹೇಳದೆ ಕೇಳದೆ ಮರಾಠಿಗೆ ಹೊರಳಿದರು. ಅದು ಪರೀಕ್ಷೆಯ ಭಾಗವೇ. ಮರುದಿನ ಮೇಲ್‌ನಲ್ಲಿ ಆನ್‌ಲೈನ್ ಪರೀಕ್ಷೆಯ ಕೊಂಡಿ ಬಂತು. ಮೊದಲು ಟೈಪಿಂಗ್. ಚಾಟ್ ಕೆಲಸಕ್ಕೆ ಸಾಮಾನ್ಯವಾಗಿ ನಿಮಿಷಕ್ಕೆ 30ರಿಂದ 40 ಪದ ಕೇಳುತ್ತಾರೆ, ತಪ್ಪು ನೂರಕ್ಕೆ ಹತ್ತನ್ನು ಮೀರಬಾರದು. ಇಲ್ಲಿ ಪದ ಎಂದರೆ ಐದು ಬಾರಿ ಕೀಲಿ ಒತ್ತುವುದು ಎಂದು ಲೆಕ್ಕ. ಆಮೇಲೆ ವ್ಯಾಕರಣ, ಓದಿ ಅರ್ಥಮಾಡಿಕೊಳ್ಳುವುದು. ಕರೆಗಳ ಕೆಲಸವಾದರೆ ವರ್ಸಂಟ್‌ನಂಥ ಮಾತಿನ ಪರೀಕ್ಷೆ ಇರುತ್ತದೆ. ಕಂಪ್ಯೂಟರ್ ಹೇಳಿದ ವಾಕ್ಯವನ್ನು ಮರಳಿ ಹೇಳಬೇಕು, ಅದೇ ಅಂಕ ಹಾಕುತ್ತದೆ. ಬರೀ ಚಾಟ್ ಆದರೆ ಇದನ್ನು ಬಿಡುವುದೂ ಉಂಟು.

ನಿಮ್ಮಂಥವರು ಗೆಲ್ಲುವುದು ಅಥವಾ ಸೋಲುವುದು ಮುಂದಿನ ಹಂತದಲ್ಲಿ, ಅಣಕು ಚಾಟ್‌ನಲ್ಲಿ. ಪರದೆಯ ಒಂದು ಬದಿಯಲ್ಲಿ ಗ್ರಾಹಕರ ಮಾತು, ಇನ್ನೊಂದು ಬದಿಯಲ್ಲಿ ಆರ್ಡರ್‌ನ ವಿವರ ಇರುತ್ತದೆ. ಅವಳಿಗೆ ಬಂದದ್ದಕ್ಕೆ ಹತ್ತಿರವಾದ ಒಂದು ಉದಾಹರಣೆ ಕೊಡುತ್ತೇನೆ. ಗ್ರಾಹಕರು ಬರೆದಿದ್ದಾರೆ: ‘ಹಣ ವಾಪಸ್ ಮಾಡಿದ್ದೇವೆ ಎಂದಿರಿ. ಖಾತೆಗೆ ಒಂದು ಪೈಸೆ ಬಂದಿಲ್ಲ. ಇದು ಮೂರನೆಯ ಸಲ ಕೇಳುತ್ತಿರುವುದು.’ ವಿವರದಲ್ಲಿರುವುದು: ಮೊತ್ತ 1,240 ರೂಪಾಯಿ, ಬ್ಯಾಂಕಿಗೆ ಕಳಿಸಿದ ದಿನ 4, ಸೋಮವಾರ, ಜಮೆಯಾಗಲು ಏಳು ಕೆಲಸದ ದಿನ, ಒಂದು ಉಲ್ಲೇಖ ಸಂಖ್ಯೆ.

ಹತ್ತರಲ್ಲಿ ಏಳು ಮಂದಿ ಬರೆಯುವುದು ಹೀಗೆ: ‘ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ. ನಿಮ್ಮ ಹಣ ಶೀಘ್ರವೇ ಜಮೆಯಾಗಲಿದೆ. ದಯವಿಟ್ಟು ಸಹಕರಿಸಿ.’ ಭಾಷೆಯಲ್ಲಿ ತಪ್ಪಿಲ್ಲ, ಆದರೆ ಈ ಉತ್ತರ ಓದಿದ ಗ್ರಾಹಕರು ನಾಲ್ಕನೆಯ ಸಲ ಬಂದೇ ಬರುತ್ತಾರೆ. ಆಯ್ಕೆಯಾಗುವ ಉತ್ತರ ಬೇರೆ ತೆರನಾಗಿರುತ್ತದೆ: ‘ಒಂದೇ ವಿಷಯಕ್ಕೆ ಮೂರು ಸಲ ಬರೆಯಬೇಕಾಯಿತು, ಕ್ಷಮಿಸಿ. 1,240 ರೂಪಾಯಿಯನ್ನು ನಾವು 4ರಂದು ನಿಮ್ಮ ಬ್ಯಾಂಕಿಗೆ ಕಳಿಸಿದ್ದೇವೆ. ಶನಿವಾರ, ಭಾನುವಾರ ಬಿಟ್ಟು ಏಳು ದಿನ ಎಂದರೆ 13ರ ಬುಧವಾರದೊಳಗೆ ಅದು ಖಾತೆಗೆ ಬರಬೇಕು. ಬರದಿದ್ದರೆ ಈ ಉಲ್ಲೇಖ ಸಂಖ್ಯೆಯನ್ನು ಬ್ಯಾಂಕಿನವರಿಗೆ ಕೊಡಿ, ಹಣ ಎಲ್ಲಿ ನಿಂತಿದೆಯೆಂದು ಅವರು ಹುಡುಕಬಲ್ಲರು.’

ಅಂಕ ಹಾಕುವವರು ನೋಡುವುದು ಇಷ್ಟೇ. ‘ಮೂರನೆಯ ಸಲ’ ಎಂದದ್ದನ್ನು ನೀವು ಓದಿದಿರೋ ಇಲ್ಲವೋ, ‘ಏಳು ಕೆಲಸದ ದಿನ’ವನ್ನು ತಾರೀಖಿಗೆ ತಿರುಗಿಸಿದಿರೋ ಇಲ್ಲವೋ, ಮುಂದೇನು ಮಾಡಬೇಕೆಂದು ಹೇಳಿದಿರೋ ಇಲ್ಲವೋ. ‘ನಾಳೆಯೇ ಬರುತ್ತದೆ’ ಎಂದು ವಿವರದಲ್ಲಿ ಇಲ್ಲದ ಭರವಸೆ ಕೊಟ್ಟರೆ ಅಲ್ಲಿಗೆ ಮುಗಿಯಿತು. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ಇಲ್ಲಿ ಒಂದು ತೊಂದರೆ ಇದೆ, ಬೇಸರ ಮಾಡಿಕೊಳ್ಳಬೇಡಿ. ಚೆಂದದ ಉದ್ದ ವಾಕ್ಯ ಬರೆಯುವ ಆಸೆ ಅವರನ್ನು ಬಿಡುವುದಿಲ್ಲ. ಮೊಬೈಲ್ ಪರದೆಯಲ್ಲಿ ಎರಡು ಸಾಲು ದಾಟಿದ ವಾಕ್ಯವನ್ನು ಸಿಟ್ಟಿನಲ್ಲಿರುವ ಮನುಷ್ಯ ಓದುವುದಿಲ್ಲ.

ಅವಳು ಆ ಉತ್ತರ ಬರೆಯುತ್ತಿದ್ದಾಗಲೇ ಎರಡನೆಯ ಕಿಟಕಿ ತೆರೆದುಕೊಂಡಿತು, ಬೇರೆ ಗ್ರಾಹಕರು, ಬೇರೆ ದೂರು. ಕೆಲಸದಲ್ಲೂ ಹಾಗೆಯೇ, ಒಮ್ಮೆಗೆ ಎರಡು ಮೂರು ಚಾಟ್ ನಡೆಯುತ್ತಿರುತ್ತವೆ. ಈ ಗಡಿಬಿಡಿಯಲ್ಲಿ ಒಬ್ಬರ ಆರ್ಡರ್ ಸಂಖ್ಯೆಯನ್ನೋ ವಿಳಾಸವನ್ನೋ ಇನ್ನೊಬ್ಬರ ಕಿಟಕಿಯಲ್ಲಿ ಅಂಟಿಸಿದವರನ್ನು, ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿದ್ದರೂ, ನಾವು ತೆಗೆದುಕೊಳ್ಳುತ್ತಿರಲಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವುದಾದರೆ ಇದನ್ನೇ ಮಾಡಿ. ಇಬ್ಬರು ಗೆಳತಿಯರಿಗೆ ಒಂದೇ ಹೊತ್ತಿಗೆ ಎರಡು ಬೇರೆ ದೂರು ಕಳಿಸಲು ಹೇಳಿ, ಕಂಪ್ಯೂಟರಿನಲ್ಲಿ ಉತ್ತರಿಸಿ, ಪ್ರತಿ ಸಲ ಕಳಿಸುವ ಮೊದಲು ಕಿಟಕಿಯ ಮೇಲಿನ ಹೆಸರು ನೋಡುವ ಚಾಳಿ ಬೆಳೆಸಿಕೊಳ್ಳಿ.

ಕನ್ನಡ ಟೈಪಿಂಗ್ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಟೈಪಿಂಗ್ ಕಲಿತವರು ಹೆಚ್ಚಾಗಿ ನುಡಿಯ ಹಳೆಯ ಫಾಂಟುಗಳಲ್ಲಿ ಕಲಿತಿರುತ್ತಾರೆ. ಆ ಅಕ್ಷರ ಚಾಟ್ ಕಿಟಕಿಯಲ್ಲಿ ಕಸವಾಗಿ ಕಾಣುತ್ತದೆ, ಅಲ್ಲಿ ಯೂನಿಕೋಡ್ ಮಾತ್ರ ನಡೆಯುತ್ತದೆ. ವಿಂಡೋಸ್‌ನಲ್ಲೇ ಕನ್ನಡದ ಫೋನೆಟಿಕ್ ಕೀಲಿಮಣೆ ಇದೆ, ಅದರಲ್ಲಿ ಹದಿನೈದು ದಿನ ಕೈ ಪಳಗಿಸಿ. ಗ್ರಾಹಕರಲ್ಲಿ ಬಹಳಷ್ಟು ಮಂದಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ, ಮರಾಠಿ ಬರೆಯುತ್ತಾರೆ. ಕಲಬುರಗಿಯವರ, ಮಂಡ್ಯದವರ ಆ ಬರಹವನ್ನು ಓದಿ ತಿಳಿಯುವುದೇ ಒಂದು ಕೌಶಲ. ಕರೆಗಳ ಕೆಲಸದಲ್ಲಿ ನಮ್ಮ ಜಮಖಂಡಿ ಧಾಟಿಯನ್ನು ತಿದ್ದಲು ತರಬೇತುದಾರರು ಹಟ ಹಿಡಿಯುತ್ತಾರೆ (ಏಕೆ ತಿದ್ದಬೇಕೋ ನನಗಿನ್ನೂ ತಿಳಿದಿಲ್ಲ), ಚಾಟ್‌ನಲ್ಲಿ ಆ ಕಾಟವಿಲ್ಲ.

ಅಣಕು ಚಾಟ್ ದಾಟಿದ ಮೇಲೆ ಅವಳಿಗೆ ವೀಡಿಯೊ ಸಂದರ್ಶನ ಆಯಿತು. ಅದನ್ನು ಮಾಡಿದ್ದು ನೇಮಕಾತಿಯವರಲ್ಲ, ತಂಡ ನಡೆಸುವ ಆಪರೇಷನ್ಸ್‌ನವರು. ಪರೀಕ್ಷೆ ಬರೆದವಳು ಇವಳೇ ತಾನೇ ಎಂದು ನೋಡಲು ಗುರುತಿನ ಚೀಟಿಯನ್ನು ಕ್ಯಾಮೆರಾಗೆ ತೋರಿಸಲು ಹೇಳಿದರು. ನಂತರ ಮನೆಯ ಪರೀಕ್ಷೆ: ಇಂಟರ್ನೆಟ್ ವೇಗದ ಚಿತ್ರ ಕಳಿಸಬೇಕು, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ತೋರಿಸಬೇಕು, ವಿದ್ಯುತ್ ಹೋದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಹೆಸ್ಕಾಂ ಕೃಪೆಯ ಮೇಲೆ ಬದುಕುವ ನಮಗೆ ಈ ಕೊನೆಯ ಪ್ರಶ್ನೆ ಗಟ್ಟಿಯಾದದ್ದು. ಮನೆಗೆ ಇನ್ವರ್ಟರ್ ಇಲ್ಲದಿದ್ದರೆ ರೂಟರ್‌ಗೆಂದೇ ಸಿಗುವ ಪುಟ್ಟ ಯುಪಿಎಸ್ ಸಾಕು, ಲ್ಯಾಪ್‌ಟಾಪ್ ತನ್ನ ಬ್ಯಾಟರಿಯ ಮೇಲೆ ನಡೆಯುತ್ತದೆ. ರೂಟರ್‌ನಿಂದ ಲ್ಯಾಪ್‌ಟಾಪಿಗೆ ತಂತಿ ಎಳೆಯಿರಿ, ವೈಫೈ ನಂಬಬೇಡಿ. ಈ ಖರ್ಚು ನಿಮ್ಮದು, ಹೌದು. ಆದರೆ ಅದನ್ನು ನೀವು ಜಮಖಂಡಿಯ ಅಂಗಡಿಯಲ್ಲಿ ಕೊಡುತ್ತೀರಿ, ಕಂಪನಿಗೆ ಕೊಡುವುದಿಲ್ಲ.

ಆಯ್ಕೆ ಖಚಿತವಾದ ಮೇಲೆ ದಾಖಲೆ ಕೇಳಿದರು. ಅಂಕಪಟ್ಟಿಗಳ ಪ್ರತಿ, ಪ್ಯಾನ್, ಆಧಾರ್, ಬ್ಯಾಂಕಿನ ರದ್ದು ಮಾಡಿದ ಚೆಕ್ಕು. ಮೂರನೆಯವರಾದ ಪರಿಶೀಲನಾ ಸಂಸ್ಥೆಯೊಂದು ವಿಳಾಸ ಮತ್ತು ಓದಿನ ವಿವರ ತಾಳೆ ನೋಡಿತು. ಇಲ್ಲಿ ಗೆರೆ ಎಳೆದುಕೊಳ್ಳಿ: ಪ್ರತಿ ಕೊಡಬಹುದು, ಮೂಲ ಪ್ರಮಾಣಪತ್ರ ಕೊಡಬಾರದು. ಖಾತೆ ಸಂಖ್ಯೆ ಕೊಡಬಹುದು, ಎಟಿಎಂ ಕಾರ್ಡು, ನೆಟ್ ಬ್ಯಾಂಕಿಂಗ್ ಗುಪ್ತಪದ, ಹೊಸ ಸಿಮ್ ಕೊಡಬಾರದು. ಫೋನಿಗೆ ಬಂದ ಓಟಿಪಿಯನ್ನು ಬಾಯಿಬಿಟ್ಟು ಯಾರಿಗೂ ಹೇಳಬಾರದು. ಲ್ಯಾಪ್‌ಟಾಪ್ ಕೊನೆಗೆ ಕೊರಿಯರ್‌ನಲ್ಲಿ ಬಂತು. ಅದಕ್ಕೆ ಅವಳು ಕೊಟ್ಟದ್ದು ಒಂದು ಸಹಿ: ಕೆಲಸ ಬಿಟ್ಟಾಗ ಮರಳಿಸುತ್ತೇನೆ, ಇಲ್ಲದಿದ್ದರೆ ಕೊನೆಯ ಲೆಕ್ಕದಲ್ಲಿ ಮುರಿದುಕೊಳ್ಳಿ ಎಂದು. ಠೇವಣಿಯ ಜಾಗದಲ್ಲಿ ಕಂಪನಿಗಳು ಇಟ್ಟುಕೊಂಡಿರುವುದು ಈ ಕಾಗದವನ್ನು.

ಪತ್ರ ಬಂದಾಗ ಅದು ನಿಜವೋ ಎಂದು ತಿಳಿಯುವುದು ಹೇಗೆ? mca.gov.in ತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ಅದು ನೋಂದಣಿಯಾದ ದಿನ, ವಿಳಾಸ, ಈಗಲೂ ಚಾಲ್ತಿಯಲ್ಲಿದೆಯೇ ಎಂಬುದು ಸಿಗುತ್ತದೆ. ಪತ್ರದ ಮೇಲಿನ 21 ಅಕ್ಷರಗಳ ಕಂಪನಿ ಸಂಖ್ಯೆಯಲ್ಲಿ ಒಂಬತ್ತರಿಂದ ಹನ್ನೆರಡನೆಯವರೆಗಿನ ನಾಲ್ಕು ಅಂಕಿಗಳು ನೋಂದಣಿಯ ವರ್ಷ. ‘ಇಪ್ಪತ್ತು ವರ್ಷದ ಅನುಭವ’ ಎಂದವರ ಸಂಖ್ಯೆಯಲ್ಲಿ 2024 ಕಂಡರೆ ನಗಬಹುದು. ಭವಿಷ್ಯ ನಿಧಿ ಸಂಸ್ಥೆಯ ತಾಣದಲ್ಲೂ ಸಂಸ್ಥೆಗಳನ್ನು ಹುಡುಕುವ ಪುಟವಿದೆ, ಅಲ್ಲಿ ಆ ಕಂಪನಿ ಪಿಎಫ್ ಕಟ್ಟುತ್ತಿದೆಯೇ ಎಂದು ನೋಡಬಹುದು. ಇಷ್ಟು ಮಾಡಿದರೂ ಗೊತ್ತಾಗುವುದು ಆ ಹೆಸರಿನ ಕಂಪನಿ ಇದೆ ಎಂಬುದು ಮಾತ್ರ. ಪತ್ರ ಬರೆದವರು ಆ ಕಂಪನಿಯವರೇ ಎಂಬುದು ಗೊತ್ತಾಗುವುದಿಲ್ಲ. ವಿಜಯಪುರದ ಹುಡುಗಿಗೆ ಹಣ ಕೇಳಿದ ಪತ್ರದಲ್ಲಿ ಲೋಗೋ, ಕಂಪನಿ ಸಂಖ್ಯೆ, ವಿಳಾಸ ಎಲ್ಲವೂ ಒಂದು ದೊಡ್ಡ ಕಂಪನಿಯವೇ ಆಗಿದ್ದವು. ಮೇಲ್ ವಿಳಾಸದಲ್ಲಿ ಮಾತ್ರ ಕಂಪನಿಯ ಹೆಸರಿನ ಹಿಂದೆ ಗೆರೆ ಹಾಕಿ ‘ಉದ್ಯೋಗ’ ಎಂಬರ್ಥದ ಪದ ಸೇರಿಸಿದ್ದರು. ಹಾಗಾಗಿ ಪತ್ರದಲ್ಲಿರುವ ಫೋನ್ ಸಂಖ್ಯೆಗೆ ಮಾಡಿ ಕೇಳುವುದು ದಂಡ. ಕಂಪನಿಯ ಜಾಲತಾಣವನ್ನು ನೀವೇ ಹುಡುಕಿ ತೆರೆದು, ಅಲ್ಲಿಯ ವಿಳಾಸಕ್ಕೆ ಪತ್ರದ ಪ್ರತಿ ಕಳಿಸಿ ಕೇಳಿ. ಅವಳು ಹಾಗೆ ಮಾಡಿದಳು. ಎರಡು ದಿನದಲ್ಲಿ ‘ಇದು ನಮ್ಮದಲ್ಲ’ ಎಂಬ ಉತ್ತರ ಬಂತು.

ನಿಜವಾದ ಪತ್ರದಲ್ಲಿ ಸಂಬಳದ ಪಟ್ಟಿ ಬಿಡಿಬಿಡಿಯಾಗಿ ಇರುತ್ತದೆ. ಅವಳದು ವರ್ಷಕ್ಕೆ ಸುಮಾರು 2.65 ಲಕ್ಷ ಎಂದಿತ್ತು. ತಿಂಗಳಿಗೆ 22,090. ಇದರಲ್ಲಿ ಕಂಪನಿ ಪಿಎಫ್‌ಗೆ ಕಟ್ಟುವ 1,440 ಮತ್ತು ಇಎಸ್‌ಐಗೆ ಕಟ್ಟುವ 650 ಸೇರಿದ್ದವು. ಉಳಿದ 20,000ದಲ್ಲಿ ಮೂಲ ವೇತನ 12,000. ಅದರ ಶೇ 12ರಂತೆ ಅವಳ ಪಾಲಿನ ಪಿಎಫ್ 1,440, ಒಟ್ಟು ವೇತನದ ಶೇ 0.75ರಂತೆ ಇಎಸ್‌ಐ 150 ಕಳೆದು ಕೈಗೆ ಬರುವುದು 18,410. ಹೊಸಬರ ಚಾಟ್ ಕೆಲಸದ ಸಂಬಳ ಈ ಆಸುಪಾಸಿನದು. ಅಮೆರಿಕದ ಪಾಳಿಯಾದರೆ ರಾತ್ರಿ ಭತ್ಯೆ ಸೇರಿ ಇನ್ನು ಕೆಲವು ಸಾವಿರ ಹೆಚ್ಚು. ಇದರ ಪಕ್ಕದಲ್ಲಿ ನಾಲ್ಕು ತಾಸಿಗೆ 35,000 ಇಟ್ಟು ನೋಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಅದರಲ್ಲಿ ತರಬೇತಿಯ ದಿನಗಳಿಗೆ ಪೂರ್ತಿ ಸಂಬಳವೋ ಬರೀ ಸ್ಟೈಪೆಂಡೋ, ಇಷ್ಟು ತಿಂಗಳ ಮೊದಲು ಬಿಟ್ಟರೆ ದಂಡ ಎಂಬ ಕರಾರಿದೆಯೇ, ಇವೆರಡನ್ನು ಸಹಿ ಹಾಕುವ ಮೊದಲು ಓದಿ. ನಿಜವಾದ ಕಂಪನಿಗಳೆಲ್ಲ ಸಾಧುಗಳೆಂದು ನಾನು ಹೇಳುತ್ತಿಲ್ಲ. ನಾನೇ ಮೊದಲ ಕೆಲಸದಲ್ಲಿ ಅಂಥ ಕರಾರಿಗೆ ಕಣ್ಣುಮುಚ್ಚಿ ಸಹಿ ಹಾಕಿ ಒಂದೂವರೆ ತಿಂಗಳ ಸಂಬಳ ಕಳೆದುಕೊಂಡವನು.

ಹಣ ಕೇಳುವವರನ್ನು ಗುರುತಿಸುವುದು ಈಗ ಅನೇಕರಿಗೆ ಗೊತ್ತು. ಹೆಚ್ಚು ಅಪಾಯದವರು ಹಣ ಕೇಳದವರು. ಇವರಲ್ಲಿ ಒಂದು ಬಗೆಯವರು ಸಂದರ್ಶನವನ್ನೂ ಮಾಡುತ್ತಾರೆ, ಕೆಲಸವನ್ನೂ ಕೊಡುತ್ತಾರೆ. ಆದರೆ ನಿಮ್ಮ ಸ್ವಂತ ವಾಟ್ಸ್ಆ್ಯಪ್ ಸಂಖ್ಯೆಯಿಂದಲೇ ಜನರಿಗೆ ಬರೆಯಬೇಕು, ‘ಗ್ರಾಹಕರ ಹಣ’ ನಿಮ್ಮ ಖಾತೆಗೆ ಬರುತ್ತದೆ, ಕಮಿಷನ್ ಇಟ್ಟುಕೊಂಡು ಉಳಿದದ್ದನ್ನು ಅವರು ಹೇಳಿದ ಖಾತೆಗೆ ಕಳಿಸಬೇಕು. ಆ ಹಣ ಇನ್ನೊಬ್ಬರಿಂದ ವಂಚಿಸಿದ್ದು. ದೂರು ದಾಖಲಾದ ದಿನ ಮೊದಲು ಸ್ಥಗಿತವಾಗುವುದು ನಿಮ್ಮ ಖಾತೆ, ಮನೆಗೆ ಪೊಲೀಸರು ಬರುವುದೂ ನಿಮ್ಮ ಹೆಸರು ಹಿಡಿದು. ಗ್ರಾಹಕ ಸೇವೆಯ ಯಾವ ನಿಜವಾದ ಕೆಲಸದಲ್ಲೂ ಗ್ರಾಹಕರ ಹಣ ನಿಮ್ಮ ಖಾತೆಯನ್ನು ಮುಟ್ಟುವುದಿಲ್ಲ, ನಿಮ್ಮ ಸ್ವಂತ ಸಂಖ್ಯೆ ಗ್ರಾಹಕರಿಗೆ ಕಾಣುವುದಿಲ್ಲ.

ಇನ್ನೊಂದು ಬಗೆ, ಇಂಗ್ಲಿಷ್ ಚೆನ್ನಾಗಿರುವವರನ್ನೇ ಹುಡುಕುವ ನಕಲಿ ಕಾಲ್ ಸೆಂಟರ್. 2025ರ ನವೆಂಬರ್‌ನಲ್ಲಿ ಬೆಳಗಾವಿಯಲ್ಲೇ ಅಮೆರಿಕದವರನ್ನು ವಂಚಿಸುತ್ತಿದ್ದ ಇಂಥ ಕೇಂದ್ರದ ಮೇಲೆ ಪೊಲೀಸರು ದಾಳಿ ಮಾಡಿ, ಅಲ್ಲಿ ಕುಳಿತು ಕರೆ ಮಾಡುತ್ತಿದ್ದವರನ್ನು ಬಂಧಿಸಿದರು. ಇಂಥ ಕಡೆ ಸಂಬಳ ಸರಿಯಾಗಿ ಬರುತ್ತದೆ, ಹಾಗಾಗಿ ಸೇರಿದವರಿಗೆ ಅನುಮಾನವೂ ತಡವಾಗಿ ಬರುತ್ತದೆ. ಮೊದಲ ವಾರದ ತರಬೇತಿಯಲ್ಲೇ ಗುರುತಿಸಬಹುದು. ಯಾವ ಕಂಪನಿಯ ಗ್ರಾಹಕರಿಗೆ ಸೇವೆ ಎಂದು ಕೇಳಿದರೆ ಹೆಸರು ಹೇಳುವುದಿಲ್ಲ, ಅಥವಾ ದಿನಕ್ಕೊಂದು ಹೇಳುತ್ತಾರೆ. ನಿಜವಾದ ಸೇವೆಯಲ್ಲಿ ತೊಂದರೆ ಇರುವವರು ತಾವಾಗಿ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ, ಇಲ್ಲಿ ‘ನಿಮ್ಮ ಕಂಪ್ಯೂಟರಿನಲ್ಲಿ ತೊಂದರೆಯಿದೆ’ ಎಂದು ನೀವೇ ಹೋಗಿ ಹೇಳಬೇಕು. ಅವರ ಕಂಪ್ಯೂಟರನ್ನು ದೂರದಿಂದ ನಿಯಂತ್ರಿಸುವ ಆ್ಯಪ್ ಹಾಕಿಸಬೇಕು, ಗಿಫ್ಟ್ ಕಾರ್ಡಿನ ಸಂಖ್ಯೆ ಓದಿಸಿಕೊಳ್ಳಬೇಕು. ನಿಮ್ಮ ಮಾತನ್ನು ಕೇಳಿ ಗುಣಮಟ್ಟ ಅಳೆಯುವವರು ಯಾರೂ ಇರುವುದಿಲ್ಲ, ಸಂಬಳ ನಗದಾಗಿ ಬರುತ್ತದೆ, ಪಿಎಫ್ ಇಲ್ಲ. ಇವುಗಳಲ್ಲಿ ಎರಡು ಕಂಡರೂ ಬಾಕಿ ಸಂಬಳಕ್ಕೆ ಕಾಯದೆ ಹೊರಬನ್ನಿ.

ಟೆಲಿಗ್ರಾಂನ ಆ ವ್ಯಕ್ತಿಗೆ ಉತ್ತರಿಸಲೇಬೇಕೆನಿಸಿದರೆ, ‘ಪರೀಕ್ಷೆ ಯಾವಾಗ, ಸಂದರ್ಶನ ಮಾಡುವವರು ಯಾರು’ ಎಂದು ಕೇಳಿ ನೋಡಿ. ಮಾತು ತಕ್ಷಣ ಠೇವಣಿಗೇ ಮರಳುತ್ತದೆ. ಆಧಾರ್, ಪ್ಯಾನ್ ಪ್ರತಿಯನ್ನು ಈಗಾಗಲೇ ಅವನಿಗೆ ಕಳಿಸಿದ್ದರೆ cybercrime.gov.in ನಲ್ಲಿ ಒಂದು ದೂರು ದಾಖಲಿಸಿ ಇಟ್ಟುಕೊಳ್ಳಿ, ನಾಳೆ ನಿಮ್ಮ ಹೆಸರಿನಲ್ಲಿ ಯಾರೋ ಖಾತೆ ತೆರೆದರೆ ಅದು ಬೇಕಾಗುತ್ತದೆ. ಸಂಭಾಷಣೆಯ ಚಿತ್ರಗಳನ್ನು ಅಳಿಸಬೇಡಿ. ನನ್ನ ಉತ್ತರ ತಲುಪುವ ಮೊದಲೇ ಹಣ ಕಳಿಸಿಬಿಟ್ಟಿದ್ದರೆ ಇದನ್ನು ಓದಿ ಮುಗಿಸುವುದಕ್ಕೆ ಮುಂಚೆ 1930ಕ್ಕೆ ಕರೆ ಮಾಡಿ, ವರ್ಗಾವಣೆಯ ಸಂಖ್ಯೆ ಕೈಯಲ್ಲಿರಲಿ. ಹಣ ಮುಂದಿನ ಖಾತೆಗೆ ಹಾರುವ ಮೊದಲು ಅದನ್ನು ತಡೆಹಿಡಿಯಲು ಸಿಗುವುದು ಕೆಲವೇ ತಾಸು.